ನಿಮ್ಮ ಫೆಸ್ಟ್‌ನಿಂದ ನನ್ನ ಒಂದು ಮೆಷಿನ್ ಹೋಗತ್ತಾ?

ನಮ್ಮ ಕಾಲೇಜಿನ ಟೆಕ್ ಫೆಸ್ಟ್ ಮಾರ್ಚ್ ಕೊನೆಯಲ್ಲಿ. ಪ್ರಾಯೋಜಕರನ್ನು ಹುಡುಕುವ ಕೆಲಸ ನನ್ನ ಮತ್ತು ಇನ್ನೊಬ್ಬ ಗೆಳೆಯನ ತಲೆಗೆ ಬಿತ್ತು. ಸೀನಿಯರ್‌ಗಳು ಬಿಟ್ಟುಹೋದ ಇಂಗ್ಲಿಷ್ ಪತ್ರವೊಂದಿತ್ತು. ಗೋಲ್ಡ್ 25,000, ಸಿಲ್ವರ್ 15,000, ಬ್ರಾಂಜ್ 5,000. ಅದನ್ನೇ ಮೂವತ್ತು ಪ್ರತಿ ತೆಗೆಸಿ ಗೋಣಿಕೊಪ್ಪಲಿನ ಅಂಗಡಿ ಅಂಗಡಿಗೆ ಹೋದೆವು.

ಅದರಲ್ಲೊಂದು ತೋಟದ ಮೆಷಿನ್‌ಗಳ ಅಂಗಡಿ. ಕಳೆ ಕತ್ತರಿಸುವ ವೀಡ್ ಕಟರ್, ಸ್ಪ್ರೇಯರ್, ಮೋಟಾರ್ ಪಂಪ್, ಸ್ಪ್ರಿಂಕ್ಲರ್ ಮಾರುತ್ತಾರೆ, ರಿಪೇರಿಯೂ ಇದೆ. ಮಾಲೀಕರು ಪತ್ರ ಓದಲೇ ಇಲ್ಲ. ಕನ್ನಡಕ ಹಣೆಗೇರಿಸಿ ಕೇಳಿದರು: "ನೋಡಪ್ಪಾ, ಒಂದು ವೀಡ್ ಕಟರ್ ಮಾರಿದ್ರೆ ನನಗೆ ಉಳಿಯೋದು ಎರಡು ಮೂರು ಸಾವಿರ. ನಿಂಗೆ 25,000 ಕೊಟ್ರೆ ಎಷ್ಟು ಮೆಷಿನ್ ಹೋಗಬೇಕು? ನಿಮ್ಮ ಫೆಸ್ಟ್‌ನಿಂದ ಒಂದಾದ್ರೂ ಹೋಗತ್ತಾ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಟೀ ಕುಡಿಸಿ ಕಳಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚನೆ ಮಾಡಿದೆ. ನಮ್ಮ ಪತ್ರದಲ್ಲಿ ಇದ್ದದ್ದೆಲ್ಲ ನಮಗೆ ಏನು ಬೇಕು ಅಂತ. "ನಿಮ್ಮ ಬ್ರ್ಯಾಂಡ್ ಸಾವಿರಾರು ಯುವಕರನ್ನು ತಲುಪುತ್ತದೆ" ಅನ್ನುವ ಸಾಲೂ ಇತ್ತು. ಹಾಸ್ಟೆಲ್ ಹುಡುಗ ವೀಡ್ ಕಟರ್ ತಗೊಂಡು ಏನು ಮಾಡ್ತಾನೆ? ಆದರೆ ಅವನ ಮನೆಯಲ್ಲಿ ತೋಟ ಇದ್ದರೆ ಮಾತೇ ಬೇರೆ ಅಲ್ವಾ?

ಅದನ್ನೇ ಲೆಕ್ಕ ಹಾಕೋಣ ಅಂದುಕೊಂಡೆವು. ಕ್ಲಾಸ್ ಗುಂಪುಗಳಿಗೆ ಎರಡೇ ಪ್ರಶ್ನೆಯ ಫಾರ್ಮ್ ಕಳಿಸಿದೆವು: ಮನೆಯಲ್ಲಿ ಕಾಫಿ, ಮೆಣಸು ಅಥವಾ ಗದ್ದೆ ಇದೆಯಾ? ಯಾವ ತಾಲ್ಲೂಕು? ಹೆಸರು, ಫೋನ್ ನಂಬರ್ ಏನೂ ಕೇಳಲಿಲ್ಲ. 412 ಜನ ತುಂಬಿದರು. 137 ಮನೆಯಲ್ಲಿ ತೋಟ ಅಥವಾ ಗದ್ದೆ ಇತ್ತು. ಅದರಲ್ಲಿ 90 ಪೊನ್ನಂಪೇಟೆ, ವಿರಾಜಪೇಟೆ ತಾಲ್ಲೂಕಿನವು. ಅಂದರೆ ಆ ಅಂಗಡಿಗೆ ಬಂದು ಹೋಗುವ ದೂರದಲ್ಲೇ ಇರುವವು.

ಎರಡನೇ ಸಲ ಹೋಗುವ ಮುಂಚೆ ಇನ್ನೊಂದು ವಿಷಯ ಗಮನಿಸಿದೆವು. ಮೊದಲ ಸಲ ಹೋದದ್ದು ಜನವರಿ ನಡುವೆ, ಬೆಳಗ್ಗೆ ಹತ್ತು ಗಂಟೆಗೆ. ರೊಬಸ್ಟಾ ಕಾಫಿ ಕೊಯ್ಲು ನಡೆಯುವ ಹೊತ್ತು. ಕಾಫಿ ಹೂ ಅರಳಲಿ ಅಂತ ನೀರು ಹಾಯಿಸಲು ಪಂಪ್ ರೆಡಿ ಮಾಡಿಸಿಕೊಳ್ಳುವವರ ಸಾಲು ಬೇರೆ. ಈ ಸಲ ಫೋನ್ ಮಾಡಿ ಕೇಳಿ, ಮಧ್ಯಾಹ್ನ ಮೂರರ ಮೇಲೆ ಹೋದೆವು. ಸುಮ್ನೆ ಪತ್ರ ಚಾಚುವ ಬದಲು ಅಲ್ಲೇ ಅರ್ಧ ಗಂಟೆ ಕೂತೆವು. ರಿಪೇರಿ ಮೂಲೆಯಲ್ಲಿ ಹತ್ತು ಹನ್ನೆರಡು ವೀಡ್ ಕಟರ್ ಬಿದ್ದಿದ್ದವು, ಮೆಕ್ಯಾನಿಕ್ ಒಬ್ಬನೇ. "ಮೆಷಿನ್ ಮಾರೋದು ಕಷ್ಟ ಅಲ್ಲ, ರಿಪೇರಿ ಕೆಲಸ ಗೊತ್ತಿರೋ ಹುಡುಗರು ಸಿಗೋದೇ ಕಷ್ಟ" ಅಂದರು ಮಾಲೀಕರು. ಆ ಮಾತು ಹಿಡಿದುಕೊಂಡು ಮರುದಿನ ಒಂದೇ ಪುಟದ ಪತ್ರ ಬರೆದೆವು, ಕನ್ನಡದಲ್ಲಿ. ಅದರ ಮುಖ್ಯ ಭಾಗ ಇದು:

"ನಮ್ಮ 412 ವಿದ್ಯಾರ್ಥಿಗಳನ್ನು ಕೇಳಿದಾಗ 137 ಮಂದಿಯ ಮನೆಯಲ್ಲಿ ತೋಟ ಅಥವಾ ಗದ್ದೆ ಇದೆ ಎಂದು ತಿಳಿಯಿತು. ಫೆಸ್ಟ್‌ನ ಎರಡನೇ ದಿನ ಪೋಷಕರನ್ನೂ ಕರೆಯುತ್ತಿದ್ದೇವೆ. ತಾವು 12,000 ರೂಪಾಯಿ ಮತ್ತು ಕೆಟ್ಟುನಿಂತ ಎರಡು ವೀಡ್ ಕಟರ್ ಎಂಜಿನ್ ಕೊಟ್ಟರೆ ನಾವು ಕೊಡುವುದು ಇವು. ಎರಡೂ ದಿನ ಮೈದಾನದ ಬಾಗಿಲ ಬಳಿ ಹತ್ತಡಿ ಅಗಲ, ಹತ್ತಡಿ ಉದ್ದದ ಮಳಿಗೆ. ವರ್ಕ್‌ಶಾಪ್ ಹಿಂದಿನ ಹುಲ್ಲು ಬೆಳೆದ ಜಾಗದಲ್ಲಿ ಮೆಷಿನ್ ಓಡಿಸಿ ತೋರಿಸಲು ದಿನಕ್ಕೆ ಎರಡು ಸಲ ಅವಕಾಶ. ತಮ್ಮ ಅಂಗಡಿ ಹೆಸರಿನಲ್ಲಿ 'ಸ್ಟಾರ್ಟ್ ಮಾಡಿ ನೋಡಿ' ಸ್ಪರ್ಧೆ. ಅದಕ್ಕೆ ತಮ್ಮ ಮೆಕ್ಯಾನಿಕ್ ಅವರೇ ತೀರ್ಪುಗಾರರು. ತೋಟದ ಮೆಷಿನ್ ಮಾರುವ ಬೇರೆ ಯಾವ ಅಂಗಡಿಗೂ ಈ ವರ್ಷ ಜಾಗ ಕೊಡುವುದಿಲ್ಲ. ಫೆಸ್ಟ್ ಮುಗಿದ ಏಳು ದಿನದೊಳಗೆ ಎಷ್ಟು ಜನ ಬಂದರು ಎಂಬ ಲೆಕ್ಕ ಮತ್ತು ಫೋಟೋ ತಲುಪಿಸುತ್ತೇವೆ."

ಓದಿ ಮುಗಿಸಿ ಅವರು ಕೇಳಿದ್ದು ಸ್ಪರ್ಧೆ ಬಗ್ಗೆಯೇ. ಎರಡು ಸ್ಟ್ರೋಕ್ ಎಂಜಿನ್ ಸ್ಟಾರ್ಟ್ ಆಗದಿರಲು ಕಾರಣ ಹೆಚ್ಚಾಗಿ ಸಣ್ಣದು. ಹಳೇ ಪೆಟ್ರೋಲ್ ನಿಂತು ಕಾರ್ಬ್ಯುರೇಟರ್ ಕಟ್ಟಿಕೊಂಡಿರುತ್ತದೆ, ಇಲ್ಲವೇ ಪ್ಲಗ್ ಕಪ್ಪಾಗಿರುತ್ತದೆ. ಮೆಕ್ಯಾನಿಕ್ ಬೇಕಂತಲೇ ಎರಡು ದೋಷ ಇಟ್ಟುಕೊಡುವುದು, ಇಬ್ಬಿಬ್ಬರ ತಂಡ ಇಪ್ಪತ್ತು ನಿಮಿಷದಲ್ಲಿ ಹುಡುಕಿ ಸ್ಟಾರ್ಟ್ ಮಾಡುವುದು. ಯಾರ ಕೈ ಚುರುಕು ಅಂತ ಮಾಲೀಕರಿಗೆ ಅಲ್ಲೇ ಗೊತ್ತಾಗುತ್ತದೆ. ಮಳಿಗೆ, ಬ್ಯಾನರ್‌ಗಿಂತ ಅವರಿಗೆ ಇದೇ ಇಷ್ಟವಾಯಿತು.

ಒಂದು ಮಾತಿಗೆ ಮಾತ್ರ ನಾವು ಒಪ್ಪಲಿಲ್ಲ. ತೋಟ ಇರುವ ವಿದ್ಯಾರ್ಥಿಗಳ ಫೋನ್ ನಂಬರ್ ಪಟ್ಟಿ ಕೇಳಿದರು. ನಮ್ಮಲ್ಲಿ ಇರಲೂ ಇಲ್ಲ, ಇದ್ದರೂ ಕೊಡುವಂತಿಲ್ಲ. ಬದಲಿಗೆ ಮಳಿಗೆಯಲ್ಲಿ ಒಂದು ನೋಟ್‌ಬುಕ್ ಇಡಿ, ಬೇಕಾದವರೇ ಬರೆದು ಹೋಗಲಿ ಅಂದೆವು. ಸರಿ ಅಂದರು.

ದುಡ್ಡಿನ ವಿಷಯಕ್ಕೆ ಅವರ ಲೆಕ್ಕ ಬರೆಯುವವರು ಫೋನಿನಲ್ಲೇ ಹೇಳಿದ್ದು: ನಗದು ಬೇಡ, ಹುಡುಗರ ಯುಪಿಐಗೂ ಬೇಡ. ವ್ಯಾಪಾರದ ಖರ್ಚಿಗೆ ಒಬ್ಬರಿಗೆ ಒಂದೇ ದಿನ 10,000 ದಾಟಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ಒಪ್ಪುವುದಿಲ್ಲ. ಹಾಗಾಗಿ ಕಾಲೇಜಿನ ಖಾತೆಗೆ ಚೆಕ್, ಕಾಲೇಜಿನ ರಸೀದಿ. ರಸೀದಿಯಲ್ಲಿ 'ದೇಣಿಗೆ' ಅಂತ ಬರೆಯದೆ 'ಫೆಸ್ಟ್ ಪ್ರಾಯೋಜಕತ್ವ, ಜಾಹೀರಾತು' ಅಂತ ಬರೆಯಿರಿ ಅಂದರು. ದೇಣಿಗೆ ಅಂದರೆ ಅವರ ಪುಸ್ತಕದಲ್ಲಿ ಅದು ಬೇರೆ ಲೆಕ್ಕಕ್ಕೆ ಹೋಗುತ್ತದೆ. ಪ್ರಿನ್ಸಿಪಾಲರ ಸಹಿ ಇರುವ ಪತ್ರ ಬೇಕೇ ಬೇಕು ಅಂದದ್ದೂ ಅವರೇ. ನಮ್ಮ ಹಳೇ ಪತ್ರದಲ್ಲಿ ಇದ್ದದ್ದು ಕಮಿಟಿ ಸೆಕ್ರೆಟರಿಯ ಸಹಿ ಮಾತ್ರ.

ಇಷ್ಟಾದ ಮೇಲೂ ಎಡವಟ್ಟಾಯಿತು. ನಮ್ಮದೇ ಕಮಿಟಿಯ ಇನ್ನೊಂದು ತಂಡ ವಿರಾಜಪೇಟೆಯಲ್ಲಿ ಒಂದು ಪಂಪ್ ಅಂಗಡಿಯಿಂದ 5,000 ತಗೊಂಡು ಬಂದಿತ್ತು. ಅವರಿಗೂ ಮಳಿಗೆ ಕೊಡುತ್ತೇವೆ ಅಂದಿದ್ದರು. ಬೇರೆಯವರಿಗೆ ಜಾಗ ಇಲ್ಲ ಅಂತ ನಾವು ಬರೆದುಕೊಟ್ಟಾಗಿದೆ! ಅಲ್ಲಿಗೆ ಹೋಗಿ ಕ್ಷಮೆ ಕೇಳಿ ದುಡ್ಡು ವಾಪಸ್ ಕೊಟ್ಟೆವು. ಆಮೇಲೆ ಒಂದು ಶೀಟ್ ಮಾಡಿಕೊಂಡೆವು. ಯಾರು ಯಾವ ಅಂಗಡಿಗೆ ಹೋಗುತ್ತಿದ್ದಾರೆ, ಅದು ಯಾವ ವ್ಯಾಪಾರ, ಏನು ಮಾತು ಕೊಟ್ಟಿದ್ದಾರೆ, ಇಷ್ಟೇ. ಹೋಗುವ ಮುಂಚೆಯೇ ಬರೆಯಬೇಕು, ಬಂದ ಮೇಲೆ ಅಲ್ಲ.

ಲೋಗೋ ಕಥೆಯೂ ಇದೆ. ತೋಟದ ಮೆಷಿನ್ ಅಂಗಡಿಯವರು ವಾಟ್ಸ್ಆಪ್‌ನಲ್ಲಿ ಬೋರ್ಡಿನ ಫೋಟೋ ಕಳಿಸಿದರು. ಆರಡಿ ಬ್ಯಾನರ್‌ಗೆ ಹಾಕಿದರೆ ಅಕ್ಷರ ಎಲ್ಲ ಕಲಸಿಹೋಯಿತು. ಅಂಗಡಿ ಬೋರ್ಡ್ ಮಾಡಿಕೊಟ್ಟ ಫ್ಲೆಕ್ಸ್‌ನವರನ್ನು ಹುಡುಕಿ ಕೇಳಿದಾಗ ಎಷ್ಟು ದೊಡ್ಡದು ಮಾಡಿದರೂ ಅಕ್ಷರ ಕಲಸದ ಮೂಲ `.cdr` ಡಿಸೈನ್ ಫೈಲ್ ಅವರ ಕಂಪ್ಯೂಟರಿನಲ್ಲೇ ಇತ್ತು. ಐದು ನಿಮಿಷದ ಕೆಲಸಕ್ಕೆ ಎರಡು ದಿನ ಒದ್ದಾಡಿದ್ದೆವು.

ಫೆಸ್ಟ್ ಮುಗಿದ ಐದನೇ ದಿನ ವರದಿ ಹಿಡಿದು ಹೋದೆವು. ಸ್ಪರ್ಧೆಗೆ 14 ತಂಡ, ಸ್ಟಾರ್ಟ್ ಮಾಡಿದ್ದು ಆರು. ನೋಟ್‌ಬುಕ್‌ನಲ್ಲಿ 31 ಹೆಸರು. ಆದರೆ ಮಾರಾಟ ಒಂದೂ ಇಲ್ಲ, ಅದನ್ನೂ ಬರೆದಿದ್ದೆವು. ಮಾರ್ಚ್‌ನಲ್ಲಿ ತೋಟದವರ ತಲೆಯಲ್ಲಿ ಇರುವುದು ನೀರು. ವೀಡ್ ಕಟರ್ ನೆನಪಾಗುವುದು ಮಳೆ ಬಿದ್ದು ಕಳೆ ಎದ್ದ ಮೇಲೆ. ಮಾಲೀಕರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು, ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಜೂನ್ ಕೊನೆಗೆ ಫೋನ್ ಬಂತು. ಆ 31ರಲ್ಲಿ ಇಬ್ಬರು ಮೆಷಿನ್ ತಗೊಂಡಿದ್ದರಂತೆ. ಗೆದ್ದ ತಂಡದ ಹುಡುಗನೊಬ್ಬ ರಜೆಯಲ್ಲಿ ಅವರ ಅಂಗಡಿಯಲ್ಲೇ ಕೆಲಸಕ್ಕಿದ್ದ. "ಮುಂದಿನ ಸಲ ಫೆಸ್ಟ್ ಮೇ ತಿಂಗಳಿಗೆ ಇಡಿ, ಎಂಜಿನ್ ನಾಲ್ಕು ಕೊಡ್ತೀನಿ" ಅಂದರು. ಮೇನಲ್ಲಿ ಪರೀಕ್ಷೆ ಸರ್ ಅಂದೆ. "ಹಾಗಾದ್ರೆ ಪಂಪ್ ಇಡಿ" ಅಂದು ಫೋನ್ ಇಟ್ಟರು.