ರಾತ್ರಿ ಒಂಬತ್ತೂವರೆಗೆ ಯಾವ ನಂಬರ್?

ಪಕ್ಕದ ಮನೆಯ ಅಜ್ಜಿಗೆ ಅರವತ್ತೆಂಟು ವರ್ಷ. ಒಂದು ರಾತ್ರಿ ಒಂಬತ್ತೂವರೆಗೆ ನಮ್ಮ ಬಾಗಿಲು ತಟ್ಟಿದರು. ಮಗ ಕೈ ಮಾಡಿದ್ದ, ಮನೆಯಿಂದ ಹೊರಗೂ ಹಾಕಿದ್ದ. ಹಿರಿಯರಿಗೆ ಅಂತ 14567 ಇರೋದು ನನಗೆ ಗೊತ್ತಿತ್ತು. ತಕ್ಷಣ ಅದಕ್ಕೇ ಫೋನ್ ಮಾಡಿದೆ. ಯಾರೂ ಮಾತಿಗೆ ಸಿಗಲಿಲ್ಲ. ಆ ಸಹಾಯವಾಣಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಅಂತ ಆಮೇಲೆ ತಿಳಿಯಿತು.

ಅಂದಿನಿಂದ ನಾನು ಮೊದಲು ನೋಡೋದು ವಯಸ್ಸನ್ನಲ್ಲ, ಅಪಾಯ ಈಗಲೇ ಇದೆಯಾ ಅನ್ನೋದನ್ನು. ಇದ್ದರೆ 112. ಹೆಂಗಸಾಗಲಿ, ಮಗುವಾಗಲಿ, ಮುದುಕರಾಗಲಿ, ಮೊದಲು ಅದೇ. "ಪೊಲೀಸ್ ಬೇಡಮ್ಮ, ಎಷ್ಟಾದರೂ ಮಗ" ಅಂತ ಅಜ್ಜಿ ಅತ್ತರು. ಆದರೂ ಮಾಡಿದೆ. ಅಲ್ಲಿ ಮೊದಲು ಕೇಳಿದ್ದು ಜಾಗ. ಬರೀ ಬಡಾವಣೆ ಹೆಸರು ಹೇಳಿದರೆ ಸಾಲದು. ಅಡ್ಡರಸ್ತೆ, ಹತ್ತಿರದ ದೇವಸ್ಥಾನ, ಗೇಟಿನ ಬಣ್ಣ ಹೇಳಿದ ಮೇಲೆ ಗಾಡಿ ಸರಿಯಾಗಿ ಬಂತು.

ಬೆಳಿಗ್ಗೆ 14567ಕ್ಕೆ ಮತ್ತೆ ಮಾಡಿದೆವು. ಈ ಸಲ ಅಜ್ಜಿಯೇ ಮಾತಾಡಿದರು. ನಾನು ಪಕ್ಕದಲ್ಲಿದ್ದು ಹೆಸರು, ವಯಸ್ಸು, ಯಾವತ್ತು ಏನಾಯಿತು ಅಂತ ಬರೆದ ಹಾಳೆ ಹಿಡಿದುಕೊಂಡಿದ್ದೆ. ಗಾಬರಿಯಲ್ಲಿ ಹತ್ತು ವರ್ಷದ ಕಥೆಯೆಲ್ಲ ಬರುತ್ತದೆ, ಅಲ್ವಾ? ಹಾಳೆ ಇದ್ದರೆ ಮಾತು ದಾರಿ ತಪ್ಪೋದಿಲ್ಲ.

ಅಜ್ಜಿ ಮನೆಯನ್ನು ಮಗನ ಹೆಸರಿಗೆ ಬರೆದುಕೊಟ್ಟಿದ್ದು ಗೊತ್ತಾದಾಗ ಸಹಾಯವಾಣಿಯವರು ದಾನಪತ್ರದ ಬಗ್ಗೆ ವಿಚಾರಿಸಿದರು. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಬರೆದುಕೊಟ್ಟು, ಮಗ ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು. ಜೀವನಾಂಶವನ್ನೂ ಕೇಳಬಹುದು. ಅರ್ಜಿ ಹೋಗೋದು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಕಚೇರಿಗೆ. ಮೂಲ ಪತ್ರ ಮಗನ ಬೀರುವಿನಲ್ಲಿತ್ತು. ಅದಕ್ಕೆ ಜಗಳ ಆಡಬೇಕಿಲ್ಲ, ನೋಂದಣಿಯಾದ ಪತ್ರದ ದೃಢೀಕೃತ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ವಯಸ್ಸಿಗೆ ಆಧಾರ್ ತೋರಿಸಿದೆವು.

ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ 181 ಹಗಲು ರಾತ್ರಿ ಇರುತ್ತದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆ ಬರೀ ಸೊಸೆಯಂದಿರಿಗಲ್ಲ, ಮಗನಿಂದ ಹೊಡೆತ ತಿಂದ ತಾಯಿಗೂ ಇದೆ. ಆಸ್ತಿ, ಜೀವನಾಂಶದ ದಾರಿ ಬೇಕಿದ್ದರಿಂದ ನಾವು 14567 ಹಿಡಿದೆವು. ಉಳಿಯೋಕೆ ಜಾಗ, ಆಪ್ತ ಸಲಹೆ ಬೇಕಿದ್ದರೆ 181 ಅನ್ನುತ್ತಿದ್ದೆ. ಹದಿನೆಂಟರ ಒಳಗಿನ ಮಕ್ಕಳಿಗೆ 1098, ಅದೂ ದಿನವಿಡೀ. ಮಗುವೇ ಮಾಡಬೇಕಿಲ್ಲ, ನೋಡಿದವರೂ ಮಾಡಬಹುದು.

ಇನ್ನೊಂದು ಮಾತು. ವಾಪಸ್ ಕರೆಗೆ ಅಜ್ಜಿಯ ನಂಬರ್ ಕೊಡಲಿಲ್ಲ, ಆ ಫೋನನ್ನು ಮಗನೂ ಎತ್ತುತ್ತಾನೆ. ನನ್ನ ನಂಬರ್ ಕೊಟ್ಟು, ಹನ್ನೊಂದರ ಮೇಲೆ ಮಾಡಿ ಅಂದೆ. ಅವನು ಕೆಲಸಕ್ಕೆ ಹೋಗಿರುವ ಹೊತ್ತದು.