ಕೊಳ್ಳುವಾಗಲೇ ಮಾರಾಟವನ್ನೂ ಕಟ್ಟಿಡಿ: ಬ್ರಾಕೆಟ್ ಆರ್ಡರ್ ಹಾಕುವುದು ಹೇಗೆ?

ಶೇರು ಕೊಂಡ ಮೇಲೆ ಲಾಭಕ್ಕೆ ಮಾರುವ ಬೆಲೆಗೆ, ಅಂದರೆ ಟಾರ್ಗೆಟ್‌ಗೆ ಒಂದು ಆರ್ಡರ್, ನಷ್ಟ ಹೆಚ್ಚಾಗುವ ಮೊದಲೇ ಮಾರುವ ಬೆಲೆಗೆ, ಅಂದರೆ ಸ್ಟಾಪ್‌ಲಾಸ್‌ಗೆ ಇನ್ನೊಂದು ಆರ್ಡರ್ ಅಂತ ಬಿಡಿಬಿಡಿಯಾಗಿ ಹಾಕಿ ಎದ್ದುಹೋಗುವವರನ್ನು ತುಂಬಾ ನೋಡಿದ್ದೇನೆ. ಬೆಲೆ ಏರಿ ಟಾರ್ಗೆಟ್ ಮುಟ್ಟುತ್ತದೆ, ಲಾಭ ಬರುತ್ತದೆ. ಆದರೆ ಸ್ಟಾಪ್‌ಲಾಸ್ ಆರ್ಡರ್ ಹಾಗೇ ಕೂತಿರುತ್ತದೆ. ಆಮೇಲೆ ಬೆಲೆ ಇಳಿದಾಗ ಅದೂ ನಡೆದುಬಿಡುತ್ತದೆ. ಶಾರ್ಟ್ ಮಾರಾಟಕ್ಕೆ ಅವಕಾಶವಿರುವ ಖಾತೆಯಾದರೆ, ಕೈಯಲ್ಲಿ ಇಲ್ಲದ ಶೇರನ್ನು ಮಾರಿದಂತಾಯಿತು.

ಇದನ್ನು ತಪ್ಪಿಸಲೆಂದೇ ಓಸಿಓ, ಅಂದರೆ ‘ಒನ್ ಕ್ಯಾನ್ಸಲ್ಸ್ ದಿ ಅದರ್’ ಇದೆ. ಎರಡು ಆರ್ಡರ್‌ಗಳನ್ನು ಜೋಡಿ ಮಾಡಿದರೆ, ಒಂದು ನಡೆದ ಕೂಡಲೇ ಇನ್ನೊಂದು ರದ್ದಾಗುತ್ತದೆ. ಆ ಜೋಡಿಯನ್ನು ಖರೀದಿಯ ಆರ್ಡರ್‌ಗೇ ಕಟ್ಟಿದರೆ ಅದು ಬ್ರಾಕೆಟ್ ಆರ್ಡರ್. ಖರೀದಿ ಆಗುವವರೆಗೆ ಜೋಡಿ ಮಲಗಿರುತ್ತದೆ, ಆದ ಮೇಲೆ ಏಳುತ್ತದೆ.

ಹಂತ 1: ಮೂರು ಬೆಲೆ ಬರೆದುಕೊಳ್ಳಿ. ಖರೀದಿ 250, ಟಾರ್ಗೆಟ್ 262, ಸ್ಟಾಪ್ 244, ಒಟ್ಟು 100 ಶೇರು ಅಂದುಕೊಳ್ಳೋಣ. ಎಲ್ಲ ಸರಿಯಾಗಿ ನಡೆದರೆ ಲಾಭ 1200, ಇಲ್ಲವಾದರೆ ನಷ್ಟ 600.

ಹಂತ 2: ಖರೀದಿಯನ್ನು, 250ಕ್ಕಿಂತ ಹೆಚ್ಚು ಕೊಡುವುದಿಲ್ಲ ಅನ್ನುವ ಲಿಮಿಟ್ ಆರ್ಡರ್ ಆಗಿಯೇ ಹಾಕಿ. ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕಿ 253ಕ್ಕೆ ಸಿಕ್ಕರೆ, ಸ್ಟಾಪ್ 244ರಲ್ಲೇ ಇದ್ದರೆ ನಷ್ಟ 900ಕ್ಕೆ ಹೋಯಿತು, ಅಲ್ವಾ?

ಹಂತ 3: ಸ್ಟಾಪ್ ಯಾವ ಬಗೆಯದು ಅಂತ ಆರಿಸಿ. ಎಡವುವುದು ಇಲ್ಲೇ. ಸ್ಟಾಪ್ ಮಾರ್ಕೆಟ್ ಆದರೆ, ಬೆಲೆ 244 ಮುಟ್ಟಿದ ಕ್ಷಣ ಅದು ಮಾರ್ಕೆಟ್ ಆರ್ಡರ್ ಆಗಿ, ಸಿಕ್ಕ ಬೆಲೆಗೆ ಮಾರಿಹಾಕುತ್ತದೆ. ಸ್ಟಾಪ್ ಲಿಮಿಟ್‌ಗೆ ಎರಡು ಬೆಲೆ ಬೇಕು. 244 ಟ್ರಿಗರ್, 243.50 ಲಿಮಿಟ್ ಅಂತ ಕೊಟ್ಟರೆ, 244ಕ್ಕೆ ಆರ್ಡರ್ ಏಳುತ್ತದೆ, ಆದರೆ 243.50ಕ್ಕಿಂತ ಕಡಿಮೆಗೆ ಮಾರುವುದಿಲ್ಲ.

ಕೇಳಲು ಎರಡನೆಯದೇ ಚೆನ್ನಾಗಿದೆ. ಈಗ ಒಂದು ಕೆಟ್ಟ ಸುದ್ದಿ ಬಂದು ಬೆಲೆ 244.20ರಿಂದ ನೇರ 240ಕ್ಕೆ ಜಿಗಿಯಿತು ಅಂದುಕೊಳ್ಳಿ. ನಡುವೆ ಯಾವ ವ್ಯವಹಾರವೂ ಆಗಿಲ್ಲ. ಟ್ರಿಗರ್ ಆಯಿತು, ಆದರೆ 243.50 ಕೊಡುವವರು ಯಾರೂ ಇಲ್ಲ. ಆರ್ಡರ್ ಸುಮ್ನೆ ಕಾಯುತ್ತದೆ, ಬೆಲೆ 236ಕ್ಕೆ ಇಳಿಯುತ್ತದೆ. 600 ಅಂದುಕೊಂಡ ನಷ್ಟ 1400 ಆಗಿರುತ್ತದೆ, ಶೇರು ಇನ್ನೂ ಕೈಯಲ್ಲೇ ಇರುತ್ತದೆ. ಸ್ಟಾಪ್ ಮಾರ್ಕೆಟ್ ಆಗಿದ್ದರೆ 240ರ ಆಸುಪಾಸಿನಲ್ಲಿ, ಸುಮಾರು 1000 ಕಳೆದುಕೊಂಡು ಹೊರಗೆ ಬಂದಿರುತ್ತಿದ್ದಿರಿ. ಪಟ್ಟಿಯಲ್ಲಿ ಸ್ಟಾಪ್ ‘ಟ್ರಿಗರ್ ಆಗಿದೆ’ ಅಂತ ತೋರಿಸುತ್ತಿದ್ದು, ಶೇರಿನ ಸಂಖ್ಯೆ ಇಳಿಯದೇ ಇದ್ದರೆ ಇದೇ ಆಗಿದೆ ಅಂತ ತಿಳಿಯಿರಿ.

ನನ್ನ ಮಾತು ಕೇಳುವುದಾದರೆ ಸ್ಟಾಪ್ ಮಾರ್ಕೆಟನ್ನೇ ಹಾಕಿ. ಅದಕ್ಕೆ ಅವಕಾಶವೇ ಇಲ್ಲದಿದ್ದರೆ ಟ್ರಿಗರ್‌ಗೂ ಲಿಮಿಟ್‌ಗೂ ನಡುವೆ ಜಾಗ ಜಾಸ್ತಿ ಬಿಡಿ. ಇಲ್ಲಿ 240 ಲಿಮಿಟ್ ಕೊಟ್ಟರೂ 244ರ ಹತ್ತಿರ ಕೊಳ್ಳುವವರಿದ್ದರೆ ಅದೇ ಬೆಲೆಗೆ ಮಾರಾಟವಾಗುತ್ತದೆ. ಇನ್ನು ವ್ಯವಹಾರ ತೀರಾ ಕಡಿಮೆ ಇರುವ ಶೇರಿಗೆ ಬ್ರಾಕೆಟ್ ಬೇಡವೇ ಬೇಡ, ಅಲ್ಲಿ ಯಾವ ಸ್ಟಾಪೂ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಹಂತ 4: ಆರ್ಡರ್ ಕಳಿಸಿ, ಪಟ್ಟಿ ತೆರೆದು ನೋಡಿ. 100ರಲ್ಲಿ 40 ಮಾತ್ರ ಸಿಕ್ಕಿರಬಹುದು. ಕೆಲವು ವ್ಯವಸ್ಥೆಗಳು ಆ 40ಕ್ಕೆ ತಕ್ಷಣ ಜೋಡಿಯನ್ನು ಎಬ್ಬಿಸುತ್ತವೆ. ಇನ್ನು ಕೆಲವು ಪೂರ್ತಿ 100 ಸಿಗುವವರೆಗೂ ಕಾಯುತ್ತವೆ, ಅಷ್ಟು ಹೊತ್ತು ನಿಮ್ಮ 40ಕ್ಕೆ ಸ್ಟಾಪ್ ಇರುವುದಿಲ್ಲ. ನಿಮ್ಮದು ಯಾವ ಬಗೆ ಅಂತ ಮೊದಲ ಸಲವೇ ಸಣ್ಣ ಮೊತ್ತದಲ್ಲಿ ನೋಡಿಕೊಳ್ಳಿ. ಜೋಡಿ ಬ್ರೋಕರ್ ಸರ್ವರ್‌ನಲ್ಲಿ ಇರುತ್ತದೋ, ನಿಮ್ಮ ಕಂಪ್ಯೂಟರ್‌ನಲ್ಲೋ ಅಂತಲೂ ಕೇಳಿ. ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಸಾಫ್ಟ್‌ವೇರನ್ನು ನಾನು ಮುಟ್ಟುವುದಿಲ್ಲ. ಇಂಟರ್ನೆಟ್ ಹೋದರೆ, ಒಂದು ನಡೆದಾಗ ಇನ್ನೊಂದನ್ನು ರದ್ದು ಮಾಡುವವರೇ ಇರುವುದಿಲ್ಲ.

ಹಂತ 5: ನಡುವೆ ಹೊರಬರಬೇಕಾದರೆ ಹೊಸ ಮಾರಾಟದ ಆರ್ಡರ್ ಹಾಕಬೇಡಿ. ಬೆಲೆ 257ಕ್ಕೆ ಬಂದಾಗ ಸಾಕು ಅನ್ನಿಸಿ, ಪಕ್ಕದಲ್ಲಿ ಕಾಣುವ ಮಾರಾಟದ ಗುಂಡಿ ಒತ್ತುತ್ತಾರೆ. ಹಲವು ಕಡೆ ಆ ಆರ್ಡರ್‌ಗೂ ಜೋಡಿಗೂ ಸಂಬಂಧವೇ ಇರುವುದಿಲ್ಲ. ಶೇರು ಹೋಯಿತು, 262 ಮತ್ತು 244 ಇನ್ನೂ ಜೀವಂತ. ಬದಲಿಗೆ ಟಾರ್ಗೆಟ್ ಆರ್ಡರನ್ನೇ ತಿದ್ದಿ, 262ನ್ನು 256.80 ಮಾಡಿ. ಅದು ಕೂಡಲೇ ಮಾರಾಟವಾಗುತ್ತದೆ, ಸ್ಟಾಪ್ ತಾನಾಗಿ ರದ್ದಾಗುತ್ತದೆ. ತಿದ್ದಲು ಬಿಡದಿದ್ದರೆ ಮೊದಲು ಜೋಡಿಯನ್ನು ರದ್ದು ಮಾಡಿ, ಪಟ್ಟಿಯಲ್ಲಿ ‘ರದ್ದಾಗಿದೆ’ ಅಂತ ಕಂಡ ಮೇಲೆಯೇ ಮಾರಿ.

ಹೊರಬಂದ ಮೇಲೆ ಎರಡು ಕಡೆ ಕಣ್ಣಾಡಿಸಿ. ಕೈಯಲ್ಲಿರುವ ಶೇರು 0 ಇರಬೇಕು, ಬಾಕಿ ಆರ್ಡರ್‌ಗಳ ಪಟ್ಟಿಯಲ್ಲಿ ಆ ಶೇರಿನ ಹೆಸರೇ ಇರಬಾರದು. ಬೆಲೆ ರಭಸದಿಂದ ಏರಿಳಿಯುವಾಗ ರದ್ದತಿ ತಲುಪುವುದರೊಳಗೆ ಎರಡೂ ನಡೆದುಹೋಗುವುದು ಅಪರೂಪ, ಆದರೆ ಆಗುತ್ತದೆ. ಆಗ ಶೇರಿನ ಸಂಖ್ಯೆ -100 ತೋರಿಸುತ್ತದೆ. ತಡ ಮಾಡದೆ 100 ಶೇರು ಕೊಂಡು ಲೆಕ್ಕ ಸೊನ್ನೆಗೆ ತನ್ನಿ.