ಎದೆ ಮೇಲಿನ ಕ್ಯಾಮೆರಾ ಯಾವಾಗ ಮಾತಾಡಬೇಕು?

ಕಣ್ಣು ಕಾಣದವರು ನಡೆಯುವಾಗ ಸುತ್ತಲಿನ ದೃಶ್ಯವನ್ನು ಬಣ್ಣಿಸಿ ಹೇಳುವ ಕ್ಯಾಮೆರಾವನ್ನು ಮನೆಯಲ್ಲೇ ಜೋಡಿಸಬಹುದು. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್, ಅದರ ಅಗಲ ಕೋನದ ಕ್ಯಾಮೆರಾ ಮಾಡ್ಯೂಲ್ 3, ಒಂದು ಒತ್ತುಗುಂಡಿ, ತಿರುವು ಗುರುತಿಸುವ ಜೈರೊ ಸೆನ್ಸರ್, 5000 ಎಂಎಎಚ್ ಪವರ್‌ಬ್ಯಾಂಕ್, ಕಿವಿ ಮುಚ್ಚದ ಬೋನ್ ಕಂಡಕ್ಷನ್ ಹೆಡ್‌ಫೋನ್, ಇಂಟರ್ನೆಟ್ಟಿಗೆ ಜೇಬಿನ ಫೋನು. ಇಷ್ಟಿದ್ದರೆ ಸಾಕು. ಚಿತ್ರವನ್ನು ಓದಿ ವಾಕ್ಯ ಬರೆಯುವ ಎಐ ಮಾದರಿ ದೂರದ ಸರ್ವರಿನಲ್ಲಿರುತ್ತದೆ. ಜೋಡಣೆ ಸುಲಭ. ಎಷ್ಟು ಹೊತ್ತಿಗೊಮ್ಮೆ ಚಿತ್ರ ಕಳಿಸಬೇಕು ಎಂಬುದನ್ನು ತೀರ್ಮಾನಿಸುವುದೇ ಕಷ್ಟ.

ಮೊದಲು ಚಿತ್ರವನ್ನು ಸಣ್ಣದು ಮಾಡಿ. ಈ ಕ್ಯಾಮೆರಾದ ಪೂರ್ಣ ಚಿತ್ರ 12 ಮೆಗಾಪಿಕ್ಸೆಲ್. ಜೆಪೆಗ್ ಮಾಡಿದರೂ ಸುಮಾರು 4 ಎಂಬಿ ಎಂದು ಹಿಡಿಯಿರಿ. ಮಡಿಕೇರಿಯ ಇಳಿಜಾರು ಬೀದಿಯೊಂದರಲ್ಲಿ ಅಪ್‌ಲೋಡ್ ವೇಗ 1 ಎಂಬಿಪಿಎಸ್‌ಗೆ ಇಳಿದಿದ್ದರೆ ಅದು ಹೋಗಲು 32 ಸೆಕೆಂಡ್ ಬೇಕು. 640x480ಕ್ಕೆ ಇಳಿಸಿದರೆ ಗಾತ್ರ 60 ಕೆಬಿ ಆಸುಪಾಸಿಗೆ ಬರುತ್ತದೆ, ಅರ್ಧ ಸೆಕೆಂಡಿನಲ್ಲಿ ಹೋಗುತ್ತದೆ. ಅಂಗಡಿಯ ಬೋರ್ಡಿನ ಸಣ್ಣ ಅಕ್ಷರ ಓದಲು ಇದು ಸಾಲದು. ಅದಕ್ಕೆ ಗುಂಡಿಯನ್ನು ಒತ್ತಿ ಹಿಡಿದಾಗ ಮಾತ್ರ ದೊಡ್ಡ ಚಿತ್ರ ಹೋಗುವಂತೆ ಮಾಡಿ, ಆಗ ನಿಂತೇ ಕಾಯಬೇಕು.

ಇನ್ನು ವಿಳಂಬ. ಕಳಿಸಲು ಅರ್ಧ ಸೆಕೆಂಡ್, ಮಾದರಿ ಉತ್ತರಿಸಲು ಒಂದೂವರೆ, ಮಾತು ಶುರುವಾಗಲು ಇನ್ನರ್ಧ ಎಂದುಕೊಳ್ಳಿ. ಸೆಕೆಂಡಿಗೆ ಒಂದು ಮೀಟರ್ ನಡೆಯುವವರು ಅಷ್ಟರಲ್ಲಿ ಎರಡೂವರೆ ಮೀಟರ್ ಮುಂದೆ ಹೋಗಿರುತ್ತಾರೆ. ಆದ್ದರಿಂದ ಚರಂಡಿ, ಮೆಟ್ಟಿಲು, ನಿಲ್ಲಿಸಿದ ಸ್ಕೂಟರ್ ಇವೆಲ್ಲ ಬಿಳಿಕೋಲಿನ ಕೆಲಸ. ಈ ಯಂತ್ರಕ್ಕೆ ಅದನ್ನು ವಹಿಸಲೇಬಾರದು. ಎರಡು ಮೂರು ಸೆಕೆಂಡ್ ಕಳೆದರೂ ನಿಜವಾಗಿ ಉಳಿಯುವುದನ್ನಷ್ಟೇ ಕೇಳಿ. ಮಾದರಿಗೆ ಕೊಡುವ ಸೂಚನೆ ಹೀಗಿರಲಿ: ‘ಹನ್ನೆರಡು ಪದ ಮೀರದೆ ಕನ್ನಡದಲ್ಲಿ ಹೇಳು. ಎಡ, ಬಲ, ಎದುರು ಎಂದು ಹೇಳು. ದೂರವನ್ನು ಅಂದಾಜಿಸಬೇಡ. ಕಾಣದಿದ್ದರೆ ಕಾಣುತ್ತಿಲ್ಲ ಎನ್ನು.’ ಒಂದೇ ಕ್ಯಾಮೆರಾದ ಚಿತ್ರ ನೋಡಿ ಮಾದರಿ ಹೇಳುವ ಮೀಟರ್ ಲೆಕ್ಕವನ್ನು ನಂಬಲಾಗದು. ಹಲವು ಮಾದರಿಗಳಲ್ಲಿ ಕನ್ನಡ ವಾಕ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್, ಅಂದರೆ ಮಾದರಿ ಒಂದೊಂದಾಗಿ ಬರೆಯುವ ಪದದ ತುಣುಕು, ತಿನ್ನುವುದರಿಂದ, ಪದಮಿತಿ ಹಾಕದಿದ್ದರೆ ಉತ್ತರ ಇನ್ನೂ ತಡವಾಗುತ್ತದೆ.

ಸೆಕೆಂಡಿಗೊಂದು ಚಿತ್ರ ಕಳಿಸಿದರೆ ಒಳ್ಳೆಯದಲ್ಲವೇ ಎನ್ನಿಸಬಹುದು. ಹನ್ನೆರಡು ಪದ ಉಚ್ಚರಿಸಲೇ ಐದಾರು ಸೆಕೆಂಡ್ ಬೇಕು. ಉತ್ತರಗಳು ಸಾಲುಗಟ್ಟಿ, ಶುಕ್ರವಾರದ ಸಂತೆಯಲ್ಲಿ ತರಕಾರಿ ಸಾಲು ದಾಟಿದ ಮೇಲೆ ‘ಬಲಕ್ಕೆ ತರಕಾರಿ’ ಎಂದು ಕೇಳಿಸುತ್ತದೆ. ಅದಕ್ಕೇ ಸಾಲು ಬೇಡ: ಹೊಸ ಉತ್ತರ ಬಂದರೆ, ಇನ್ನೂ ಹೇಳದ ಹಳೆಯದನ್ನು ಬಿಸಾಡಿ. ನಿಂತು ಕಾಯುವ ದೊಡ್ಡ ಚಿತ್ರವನ್ನು ಬಿಟ್ಟರೆ, ಚಿತ್ರ ತೆಗೆದು 4 ಸೆಕೆಂಡ್ ಮೀರಿದ್ದರೆ ಉತ್ತರವನ್ನು ಹೇಳಲೇಬೇಡಿ. ಬದಲಿಗೆ ಸಣ್ಣದೊಂದು ಬೀಪ್ ಸಾಕು, ನೆಟ್‌ವರ್ಕ್ ನಿಧಾನ ಎಂದು ನಡೆಯುವವರಿಗೆ ತಿಳಿಯುತ್ತದೆ.

ಬ್ಯಾಟರಿಯ ಲೆಕ್ಕವೂ ಇದೇ ದಾರಿಗೆ ತರುತ್ತದೆ. 5000 ಎಂಎಎಚ್ ಅಂದರೆ 3.7 ವೋಲ್ಟಿನಲ್ಲಿ 18.5 ವ್ಯಾಟ್-ಗಂಟೆ. 5 ವೋಲ್ಟಿಗೆ ಏರಿಸುವಾಗಿನ ನಷ್ಟ ಕಳೆದು 15 ಉಳಿಯಿತೆನ್ನಿ. ಪೈ ಮತ್ತು ಕ್ಯಾಮೆರಾ ಸೇರಿ 2 ವ್ಯಾಟ್ ಎಳೆದರೂ ಏಳು ಗಂಟೆ ಬರುತ್ತದೆ. ಅದಕ್ಕಿಂತ ಮೊದಲು ಸಾಯುವುದು ಫೋನು. ಪ್ರತಿ ಸಲ ಕಳಿಸಿದ ಮೇಲೂ ಅದರ ರೇಡಿಯೊ ಕೆಲವು ಸೆಕೆಂಡ್ ಎಚ್ಚರವಾಗಿಯೇ ಇರುತ್ತದೆ. ಐದು ಸೆಕೆಂಡಿಗೊಮ್ಮೆ ಕಳಿಸಿದರೆ ಅದು ನಿದ್ದೆಗೆ ಹೋಗುವುದೇ ಇಲ್ಲ. ಗುಡ್ಡದ ಮರೆಯಲ್ಲಿ ಸಿಗ್ನಲ್ ಕುಗ್ಗಿದಾಗ ಟವರ್ ಮುಟ್ಟಲು ಇನ್ನೂ ಜಾಸ್ತಿ ಶಕ್ತಿ ಸುರಿಯುತ್ತದೆ. ಹಾಗಾಗಿ ಗಡಿಯಾರಕ್ಕೆ ಕಟ್ಟಿಹಾಕದೆ ಎರಡೇ ಸಂದರ್ಭದಲ್ಲಿ ಕಳಿಸಿ: ಗುಂಡಿ ಒತ್ತಿದಾಗ, ಇಲ್ಲವೇ ನಡೆಯುವವರು ತಿರುಗಿದಾಗ. ತಿರುವು ತಿಳಿಯಲು ಒಂದು ಜೈರೊ ಸೆನ್ಸರ್ ಸಾಕು. 45 ಡಿಗ್ರಿಗಿಂತ ಹೆಚ್ಚು ತಿರುಗಿ ಒಂದು ಸೆಕೆಂಡ್ ಸ್ಥಿರವಾದ ಮೇಲೆ ಚಿತ್ರ ತೆಗೆಯಲಿ. ತಿರುಗುತ್ತಿರುವಾಗಲೇ ತೆಗೆದರೆ ಚಿತ್ರ ಮಸುಕಾಗುತ್ತದೆ.

ಕೊಡಗಿನಲ್ಲಿ ಮಸುಕಿಗೆ ಇನ್ನೊಂದು ಕಾರಣ ಮಳೆಗಾಲ. ಲೆನ್ಸಿನ ಮೇಲೆ ಹನಿ ಕೂತರೂ ಮಂಜು ಕವಿದರೂ ಮಾದರಿ ಸುಮ್ಮನಿರದೆ, ಇಲ್ಲದ ರಸ್ತೆಯನ್ನೂ ಧೈರ್ಯವಾಗಿ ಬಣ್ಣಿಸಬಹುದು. ಅತಿ ಅಪಾಯದ ತಪ್ಪು ಇದೇ. ಆದ್ದರಿಂದ ಕಳಿಸುವ ಮೊದಲೇ, ಚಿತ್ರದ ಅಂಚುಗಳು ಎಷ್ಟು ಚೂಪಾಗಿವೆ ಎಂದು ಪೈನಲ್ಲಿ ಓಪನ್‌ಸಿವಿ ಲೈಬ್ರರಿಯಿಂದ ಪರೀಕ್ಷಿಸಿ:

```python
g = cv2.cvtColor(frame, cv2.COLOR_BGR2GRAY)
if cv2.Laplacian(g, cv2.CV_64F).var() < 60:
    say("ಮಸುಕಾಗಿದೆ, ಲೆನ್ಸ್ ಒರೆಸಿ")
    frame = None
```

60 ಎಂಬುದು ಆರಂಭದ ಅಂಕಿ ಮಾತ್ರ. ಬಿಸಿಲಿನಲ್ಲಿ, ಮೋಡದಲ್ಲಿ, ಕಾಫಿ ತೋಟದ ನೆರಳಿನಲ್ಲಿ ಒಂದಷ್ಟು ಚಿತ್ರ ತೆಗೆದು ಅಂಕಿ ಬರೆದಿಟ್ಟುಕೊಂಡು ಹೊಂದಿಸಿ. ಕತ್ತಲಲ್ಲಿ ಬರುವ ಕಾಳುಕಾಳಾದ ಚಿತ್ರ ಈ ಪರೀಕ್ಷೆಯನ್ನು ದಾಟಿಬಿಡುತ್ತದೆ, ಅದಕ್ಕೆ ಬೆಳಕಿನ ಮಟ್ಟವನ್ನೂ ನೋಡಬೇಕು. ಒರೆಸಿದರೂ ಅದೇ ಮಾತು ಬಂದರೆ ಅದು ಮಂಜು. ಗುಂಡಿ ಒತ್ತುವುದನ್ನು ಬಿಟ್ಟು ಕೋಲನ್ನೇ ನಂಬಬೇಕು.

ಒಬ್ಬರೇ ಬೀದಿಗಿಳಿಯುವ ಮೊದಲು ಕಣ್ಣು ಕಾಣುವವರೊಬ್ಬರ ಜೊತೆ ನಡೆದು, ಚಿತ್ರ ತೆಗೆದ ಸಮಯ, ಮಾತು ಶುರುವಾದ ಸಮಯ ಎರಡನ್ನೂ ಫೈಲಿಗೆ ಬರೆಸಿ. ಅರ್ಧಕ್ಕರ್ಧ ಉತ್ತರ 4 ಸೆಕೆಂಡ್ ಮೀರಿ ಬಿದ್ದುಹೋಗುತ್ತಿದ್ದರೆ ಮಿತಿಯನ್ನು ಹಿಗ್ಗಿಸಬೇಡಿ, ಚಿತ್ರವನ್ನು ಇನ್ನೂ ಕುಗ್ಗಿಸಿ ಅಥವಾ ಆ ದಾರಿಗೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ.